ಚೀಟಿ ಅಳಿಸಿದ ಟಿವಿ, ಮುರಕಲ್ಲಿನ ಗೋಡೆ: ಬ್ರಾಕೆಟ್ ಯಾವುದು?

ಪ್ರಶ್ನೆ: ಅಣ್ಣ ಗಲ್ಫ್ ಬಿಟ್ಟು ಬರುವಾಗ ತಂದ ಸ್ಯಾಮ್‌ಸಂಗ್ ಟಿವಿ ಈಗ ನಮ್ಮ ಮನೆಗೆ ಬಂದಿದೆ. ಹಿಂದಿನ ಚೀಟಿ ಅಳಿಸಿಹೋಗಿದೆ, ರಿಮೋಟೂ ಇಲ್ಲ. ಅಂಗಡಿಯಿಂದ ‘32ರಿಂದ 55 ಇಂಚು’ ಎಂದು ಬರೆದ ಬ್ರಾಕೆಟ್ ತಂದೆವು, ಅದರೊಳಗಿನ ಸ್ಕ್ರೂ ಒಂದೂ ಟಿವಿಗೆ ಹಿಡಿಯುತ್ತಿಲ್ಲ. ಹಿಂಬದಿಯ ಫೋಟೋ ಕಳಿಸಿದ್ದೇನೆ. ವಯರ್ ಹಾಕುವ ಪೋರ್ಟ್ ನೋಡಿ ಮಾದರಿ ಯಾವುದೆಂದು ಹೇಳಬಹುದೇ? ಯಾವ ಬ್ರಾಕೆಟ್ ತರಬೇಕು? ಮನೆ ಹಳೆಯದು, ಮುರಕಲ್ಲಿನ ಗೋಡೆ. ಎದುರಿಗೆ ಎಳೆದು ತಿರುಗಿಸುವ ಕೈ ಇರುವ ಬ್ರಾಕೆಟ್ ಆದರೆ ಒಳ್ಳೆಯದಿತ್ತು ಎಂದು ಮಗಳು ಹೇಳುತ್ತಾಳೆ.
ಓದುಗರು, ಉಡುಪಿ

ಉತ್ತರ: ಪೋರ್ಟ್ ನೋಡಿ ಪೂರ್ತಿ ಮಾದರಿ ಸಂಖ್ಯೆ ಹೇಳುವುದು ಯಾರಿಂದಲೂ ಆಗದು. ಒಂದೇ ಕಂಪನಿ ಒಂದೇ ವರ್ಷ ತಂದ ನಾಲ್ಕೈದು ಮಾದರಿಗಳಿಗೆ ಒಂದೇ ಬೋರ್ಡು ಕೂರಿಸಿರುತ್ತದೆ, ಹಾಗಾಗಿ ಬೆನ್ನು ನೋಡಿದರೆ ಎಲ್ಲವೂ ಅವಳಿ ಮಕ್ಕಳು. ಆದರೆ ಟಿವಿಯ ಕಾಲ ಯಾವುದು, ಅದು ಯಾವ ವರ್ಗದ್ದು ಎಂದು ಸುಮಾರಾಗಿ ಹೇಳಲು ಪೋರ್ಟ್ ಸಾಕು. ಬ್ರಾಕೆಟ್ ವಿಷಯದಲ್ಲಂತೂ ಪೋರ್ಟುಗಳು ಇನ್ನೊಂದು ದೊಡ್ಡ ಮಾತು ಹೇಳುತ್ತವೆ, ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಫೋಟೋದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ‘ಎಕ್ಸ್-ಲಿಂಕ್’ ಎಂದು ಬರೆದ ಸಣ್ಣ ಉರುಟು ತೂತು. ನೋಡಲು ಇಯರ್‌ಫೋನಿನದರ ಹಾಗೆಯೇ ಇದೆ, ಆದರೆ ಅದರಲ್ಲಿ ಹಾಡು ಬರುವುದಿಲ್ಲ. ಅದು ಸರ್ವಿಸಿನವರಿಗಾಗಿ ಇಟ್ಟ ದಾರಿ, ಆ ಹೆಸರು ಸ್ಯಾಮ್‌ಸಂಗಿನವರದ್ದು. ಎದುರಿನ ಲೋಗೋವನ್ನು ಯಾರು ಬೇಕಾದರೂ ಅಂಟಿಸಬಹುದು, ಅಂಥ ಟಿವಿಗಳು ನನ್ನ ಮೇಜಿಗೆ ಬಂದಿವೆ ಕೂಡ. ಹಿಂದಿನ ಪ್ಲಾಸ್ಟಿಕ್ಕಿನಲ್ಲಿ ಅಚ್ಚಾಗಿರುವ ಹೆಸರನ್ನು ಬದಲಿಸುವ ಕಷ್ಟ ಯಾರೂ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಕಂಪನಿಯ ಬಗ್ಗೆ ಸಂಶಯ ಬೇಡ.

ಮುಂದಿನ ಸುಳಿವು ಎರಡನೆಯ ಎಚ್‌ಡಿಎಂಐ ಪಕ್ಕದ ‘ಎಆರ್‌ಸಿ’ ಎಂಬ ಮೂರಕ್ಷರ. ಟಿವಿಯ ಧ್ವನಿಯನ್ನು ಅದೇ ವಯರಿನಲ್ಲಿ ಹಿಂದಕ್ಕೆ ಸೌಂಡ್‌ಬಾರಿಗೆ ಕಳಿಸುವ ಈ ವ್ಯವಸ್ಥೆ ಬಂದದ್ದು 2009ರ ಎಚ್‌ಡಿಎಂಐ 1.4ರ ಜೊತೆಗೆ. ಆದ್ದರಿಂದ ನಿಮ್ಮ ಟಿವಿ ಅದಕ್ಕಿಂತ ಈಚಿನದು. ಇದರ ಮುಂದಿನ ರೂಪವಾದ ‘ಇ-ಎಆರ್‌ಸಿ’ 2017ರ ಎಚ್‌ಡಿಎಂಐ 2.1ರ ಜೊತೆ ಬಂತು. ಅದು ನಿಮ್ಮಲ್ಲಿ ಇಲ್ಲ. ಇಲ್ಲ ಎಂದ ಮಾತ್ರಕ್ಕೆ ಟಿವಿ 2017ಕ್ಕಿಂತ ಹಳತು ಎಂದು ಹೇಳುವಂತಿಲ್ಲ, ಕಡಿಮೆ ಬೆಲೆಯ ಟಿವಿಗಳಲ್ಲಿ ಬರೇ ‘ಎಆರ್‌ಸಿ’ ಎಂದಿರುವುದು ಇಂದಿಗೂ ಇದೆ.

ಇನ್ನು ಏನಿದೆ ಎನ್ನುವಷ್ಟೇ ಏನಿಲ್ಲ ಎನ್ನುವುದನ್ನೂ ನೋಡಬೇಕು. ಹಳೆಯ ಕಂಪ್ಯೂಟರಿನ ನೀಲಿ ಬಣ್ಣದ, 15 ಪಿನ್ನಿನ ವಿಜಿಎ ನಿಮ್ಮಲ್ಲಿ ಇಲ್ಲ. ಹಸಿರು, ನೀಲಿ, ಕೆಂಪು ತೂತುಗಳ ಕಾಂಪೊನೆಂಟ್ ಇದೆ, ಅದರಲ್ಲಿ ಹಸಿರು ತೂತಿನ ಕೆಳಗೆ ‘ವೈ’ ಜೊತೆಗೆ ‘ವಿಡಿಯೋ’ ಎಂದೂ ಬರೆದಿದೆ. ಅಂದರೆ ಹಳದಿ ಪಿನ್ನಿಗೆ ಬೇರೆ ತೂತು ಕೊಡದೆ ಹಸಿರಿನಲ್ಲೇ ಸುಧಾರಿಸಿದ್ದಾರೆ. ಹಳೆಯ ಡಿವಿಡಿ ಪ್ಲೇಯರ್ ಇದ್ದರೆ ಅದರ ಹಳದಿ ಪಿನ್ನನ್ನು ಇದೇ ಹಸಿರಿಗೆ ಹಾಕಬೇಕು. ವಿಜಿಎ ಹೋಗಿ ಕಾಂಪೊನೆಂಟ್ ಇನ್ನೂ ಉಳಿದಿದ್ದ ಕಾಲವೆಂದರೆ ಸುಮಾರಾಗಿ 2013ರಿಂದ 2019. ಪೋರ್ಟುಗಳಿಂದ ಇಷ್ಟೇ ಸಿಗುವುದು. ಟಿವಿ 4ಕೆ ಹೌದೋ ಅಲ್ಲವೋ ಎಂದು ಎಚ್‌ಡಿಎಂಐ ತೂತು ನೋಡಿ ಹೇಳಲು ಬರುವುದಿಲ್ಲ, ಒಳಗಿನ ವಿದ್ಯೆ ಎಷ್ಟು ಬದಲಾದರೂ ಹೊರಗಿನ ಆಕಾರ ಬದಲಾಗಲಿಲ್ಲ.

ಆದರೆ ಅದೇ ತೂತಿಗೆ ವಯರ್ ಹಾಕಿ ಕೇಳಿದರೆ ಟಿವಿ ತನ್ನ ಜಾತಕವನ್ನು ತಾನೇ ಹೇಳುತ್ತದೆ. ಎಚ್‌ಡಿಎಂಐಗೆ ಏನೇ ಸಿಕ್ಕಿಸಿದರೂ, ‘ನಾನು ಇಂಥ ಕಂಪನಿಯವನು, ಇಂಥ ವರ್ಷದವನು, ಇಷ್ಟು ಸ್ಪಷ್ಟತೆಯ ಚಿತ್ರ ತೋರಿಸಬಲ್ಲೆ’ ಎಂಬ ಸಣ್ಣ ಕಡತವನ್ನು ಟಿವಿ ಆ ಕಡೆಗೆ ಕಳಿಸುತ್ತದೆ. ಅದನ್ನು ಇಡಿಐಡಿ ಎನ್ನುತ್ತಾರೆ. ನಿಮ್ಮ ಮಗಳ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದ್ದದ್ದು ಒಳ್ಳೆಯದೇ ಆಯಿತು. ಫೋನಿನಲ್ಲಿ ಅವರಿಂದ ಈ ಒಂದು ಸಾಲನ್ನು ಓಡಿಸಿದೆ:

```
edid-decode /sys/class/drm/card0-HDMI-A-1/edid
```

ಕೆಲವು ಲ್ಯಾಪ್‌ಟಾಪುಗಳಲ್ಲಿ `card0` ಬದಲು `card1` ಇರುತ್ತದೆ. ಅವರಿಗೆ ಬಂದ ಉತ್ತರದಲ್ಲಿ ತಯಾರಕರ ಹೆಸರು `SAM` ಎಂದಿತ್ತು, `Made in` ಸಾಲಿನಲ್ಲಿ 2016 ಇತ್ತು, ಮೊದಲ ಚಿತ್ರ ಅಳತೆ `1920x1080`. ಹಾಗಾದರೆ 2016ರ ಫುಲ್ ಎಚ್‌ಡಿ ಟಿವಿ, 4ಕೆ ಅಲ್ಲ. ಪರದೆಯ ಗಾತ್ರ 160 ಸೆಂ.ಮೀ. ಅಗಲ, 90 ಸೆಂ.ಮೀ. ಎತ್ತರ ಎಂದು ಬಂದದ್ದನ್ನು ನಂಬಬೇಡಿ. ಟಿವಿಗಳಲ್ಲಿ ಆ ಜಾಗಕ್ಕೆ ಎಲ್ಲ ಗಾತ್ರಗಳಿಗೂ ಒಂದೇ ಅಂಕೆ ತುಂಬಿಸಿಬಿಡುವ ಚಾಳಿ ಇದೆ. ಗಾತ್ರಕ್ಕೆ ಅಳತೆ ಟೇಪೇ ಗತಿ. ಬೆಳಗುವ ಪರದೆಯನ್ನು ಮಾತ್ರ, ಚೌಕಟ್ಟು ಬಿಟ್ಟು, ಮೂಲೆಯಿಂದ ಮೂಲೆಗೆ ಅಳೆದಾಗ ನಿಮಗೆ 124.5 ಸೆಂ.ಮೀ. ಬಂದಿದೆ. 2.54ರಿಂದ ಭಾಗಿಸಿದರೆ 49 ಇಂಚು.

ಈಗ ಹೆಸರಿನ ಆರಂಭ ತಾನಾಗಿ ಸಿಗುತ್ತದೆ. ಸ್ಯಾಮ್‌ಸಂಗಿನ ಸಂಖ್ಯೆಯಲ್ಲಿ `UA` ಎಂದರೆ ನಮ್ಮ ಕಡೆಗೂ ಗಲ್ಫಿಗೂ ಬರುವ ಟಿವಿ, ನಂತರದ ಎರಡಂಕೆ ಇಂಚು, ಅದರ ನಂತರದ ಅಕ್ಷರ ವರ್ಷ. 2014ಕ್ಕೆ `H`, 2015ಕ್ಕೆ `J`, 2016ಕ್ಕೆ `K`, 2017ಕ್ಕೆ `M`, 2018ಕ್ಕೆ `N`. ಆ ಅಕ್ಷರದ ಬೆನ್ನಿಗೆ `U` ಬಂದರೆ 4ಕೆ. ನಿಮ್ಮದು `UA49K`, ಅದರ ಮುಂದೆ 5 ಅಥವಾ 6ರಿಂದ ಶುರುವಾಗುವ ನಾಲ್ಕಂಕೆ. ಆ ನಾಲ್ಕಂಕೆ ಬೇಕೇ ಬೇಕು ಎಂದಾದರೆ ಸ್ಯಾಮ್‌ಸಂಗಿಗೆ ಹೊಂದುವ ಒಂದು ಸಾದಾ ರಿಮೋಟ್ ತನ್ನಿ, ಮೆನುವಿನಲ್ಲಿ `Support` ಒಳಗೆ `About This TV` ಅಥವಾ `Contact Samsung` ಎಂದಿರುವಲ್ಲಿ ಪೂರ್ತಿ ಹೆಸರು ಇರುತ್ತದೆ. ಇದೇ ಟಿವಿಯನ್ನು ಇಲ್ಲೇ ಕೊಂಡಿದ್ದರೆ ವಿದ್ಯುತ್ ಉಳಿತಾಯದ ನಕ್ಷತ್ರಗಳ ಚೀಟಿಯಲ್ಲೂ ಮಾದರಿ ಸಿಗುತ್ತಿತ್ತು, ಗಲ್ಫಿನದಕ್ಕೆ ಅದಿಲ್ಲ.

ಬ್ರಾಕೆಟ್ ತರಲು ಆ ನಾಲ್ಕಂಕೆಗಾಗಿ ಕಾಯಬೇಕಾಗಿಲ್ಲ. ಟಿವಿಯ ಬೆನ್ನಿನ ನಾಲ್ಕು ಸ್ಕ್ರೂ ತೂತುಗಳ ನಡುವಿನ ಅಂತರಕ್ಕೆ ವೆಸಾ ಎಂಬ ಅಳತೆಯ ಒಪ್ಪಂದವಿದೆ, ಎಲ್ಲ ದೊಡ್ಡ ಕಂಪನಿಗಳೂ ಅದನ್ನೇ ಹಿಡಿಯುತ್ತವೆ. ಒಂದು ತೂತಿನ ಎಡ ಅಂಚಿನಿಂದ ಪಕ್ಕದ ತೂತಿನ ಎಡ ಅಂಚಿಗೆ ಅಳೆದರೆ ನಡುವಿನಿಂದ ನಡುವಿಗೆ ಅಳೆದಂತೆಯೇ, ಕಣ್ಣಂದಾಜು ಬೇಕಾಗಿಲ್ಲ. ನಿಮಗೆ ಅಡ್ಡಕ್ಕೆ 20 ಸೆಂ.ಮೀ., ಉದ್ದಕ್ಕೆ 20 ಸೆಂ.ಮೀ. ಬಂದಿದೆ. ಬ್ರಾಕೆಟ್ ಪೆಟ್ಟಿಗೆಯ ಮೇಲೆ 200×200 ಎಂದು ಹುಡುಕಿ, ಅಡ್ಡದ ಅಳತೆ ಮೊದಲು ಬರೆದಿರುತ್ತದೆ. ‘32ರಿಂದ 55 ಇಂಚು’ ಎನ್ನುವುದು ಅಂಗಡಿಯವರ ಅನುಕೂಲಕ್ಕೆ ಇರುವ ಮಾತು. 43 ಇಂಚಿನ ಎರಡು ಟಿವಿಗಳ ತೂತಿನ ಅಂತರ ಬೇರೆ ಬೇರೆ ಇರುವುದು ಹೊಸತೇನಲ್ಲ.

ನೀವು ತಂದ ಬ್ರಾಕೆಟಿನ ಕಂಬಿಗಳಲ್ಲಿ ಸಾಲಾಗಿ ಉದ್ದ ಸೀಳು ತೂತುಗಳಿವೆ, 200×200 ಅದರೊಳಗೆ ಬರುತ್ತದೆ. ಹಾಗಾಗಿ ತೂತಿನ ಅಂತರದ ಮಟ್ಟಿಗೆ ಬ್ರಾಕೆಟ್ ತಪ್ಪಲ್ಲ, ಸ್ಕ್ರೂ ತಪ್ಪು. ಪೊಟ್ಟಣದ ಎಂ4, ಎಂ5, ಎಂ6 ಸ್ಕ್ರೂಗಳು ಒಳಗೆ ಜಾರಿ ಗಿರಗಿರ ತಿರುಗುತ್ತವೆ, ಯಾಕೆಂದರೆ ಈ ಟಿವಿಗೆ ಬೇಕಾದದ್ದು 8 ಮಿ.ಮೀ. ದಪ್ಪದ ಎಂ8. ಪೊಟ್ಟಣದಲ್ಲಿ ಎಂ8 ಕೂಡ ಇತ್ತು, ಆದರೆ ಗಿಡ್ಡ. ಸ್ಯಾಮ್‌ಸಂಗಿನ ಅನೇಕ ಟಿವಿಗಳಲ್ಲಿ ಮರೆ, ಅಂದರೆ ಸ್ಕ್ರೂ ಕಚ್ಚಿಕೊಳ್ಳುವ ಸುರುಳಿ ಗೆರೆ, ಮೇಲೆಯೇ ಇರುವುದಿಲ್ಲ, ಒಂದು ಅಗಲದ ಬಾವಿಯ ತಳದಲ್ಲಿ ಇರುತ್ತದೆ. ಗಿಡ್ಡ ಸ್ಕ್ರೂ ಆ ಬಾಯಿಯನ್ನೇ ಮುಟ್ಟಿಲ್ಲ.

ಹಾಗೆಂದು ಸಿಕ್ಕಿದ ಉದ್ದದ ಎಂ8 ತಂದು ತಿರುಗಿಸಬೇಡಿ. ನಾನು ಕಂಡ ಒಡೆದ ಪರದೆಗಳಲ್ಲಿ ಹೊರಗಿನ ಪೆಟ್ಟಿನಷ್ಟೇ ಒಳಗಿನ ಸ್ಕ್ರೂ ಪೆಟ್ಟಿನವೂ ಇವೆ. ಉದ್ದ ಹೆಚ್ಚಾದರೆ ತುದಿ ಹೋಗಿ ಪರದೆಯ ಹಿಂಭಾಗವನ್ನು ಒತ್ತುತ್ತದೆ, ಮೊದಲು ಒಂದು ಬಿಳಿ ಚುಕ್ಕೆ, ನಂತರ ಬಿರುಕು. ಲೆಕ್ಕ ಹಾಕಲು ಒಂದು ಹಿಡಿಸೂಡಿ ಕಡ್ಡಿ ಸಾಕು. ಟಿವಿಯನ್ನು ದಪ್ಪ ಕಂಬಳಿಯ ಮೇಲೆ ಮುಖ ಅಡಿ ಮಾಡಿ ಮಲಗಿಸಿ, ಕಡ್ಡಿಯನ್ನು ತೂತಿನ ತಳ ಮುಟ್ಟುವವರೆಗೆ ನಿಧಾನ ಇಳಿಸಿ, ಬೆನ್ನಿನ ಮಟ್ಟಕ್ಕೆ ಉಗುರಿನಲ್ಲಿ ಗುರುತು ಹಾಕಿ ಅಳೆಯಿರಿ. ಬಳಿಕ ಅಗಲದ ಬಾವಿ ಎಷ್ಟು ಆಳಕ್ಕೆ ಮುಗಿದು ಮರೆ ಶುರುವಾಗುತ್ತದೆ ಎಂಬುದನ್ನೂ ಅಳೆಯಿರಿ.

ನಿಮ್ಮ ಮಗಳು ಕಳಿಸಿದ ಅಂಕೆ ಹೀಗಿದೆ: ತಳಕ್ಕೆ 30 ಮಿ.ಮೀ., ಮರೆಯ ಬಾಯಿಗೆ 15 ಮಿ.ಮೀ. ಹಾಗಾದರೆ ಸ್ಕ್ರೂ ಕಚ್ಚಿಕೊಳ್ಳಲು ಇರುವ ಜಾಗ 15 ಮಿ.ಮೀ. ಬಾವಿಯೊಳಗೆ 20 ಮಿ.ಮೀ.ನ ಪ್ಲಾಸ್ಟಿಕ್ ಕೊಳವೆ, ನಾವು ಸ್ಪೇಸರ್ ಎನ್ನುವುದು, ಕೂರಿಸಿ. 15 ಮಿ.ಮೀ. ಒಳಗೆ ಹೋಗಿ 5 ಮಿ.ಮೀ. ಹೊರಗೆ ನಿಲ್ಲುತ್ತದೆ, ಉಬ್ಬಿದ ಬೆನ್ನಿಗೆ ಬ್ರಾಕೆಟಿನ ಕಂಬಿ ತಾಗುವುದಿಲ್ಲ. ಅದರ ಮೇಲೆ ಕಂಬಿಯ ದಪ್ಪ 2, ವಾಶರ್ 2. ಸ್ಕ್ರೂ ಮರೆಯ ಬಾಯಿ ತಲಪುವ ಮೊದಲೇ 24 ಮಿ.ಮೀ. ಖರ್ಚಾಯಿತು. ಎಂ8 ಸ್ಕ್ರೂ ಕಡಿಮೆಯೆಂದರೆ ತನ್ನ ದಪ್ಪದಷ್ಟಾದರೂ, ಅಂದರೆ 8 ಮಿ.ಮೀ., ಕಚ್ಚಬೇಕು. ತಳದಲ್ಲಿ 3 ಮಿ.ಮೀ. ಖಾಲಿ ಉಳಿಯಬೇಕು. ಅಲ್ಲಿಗೆ 32ಕ್ಕಿಂತ ಕಡಿಮೆ ಆಗಬಾರದು, 36ಕ್ಕಿಂತ ಹೆಚ್ಚಾಗಬಾರದು. ಎಂ8, 35 ಮಿ.ಮೀ. ಎಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ, ಸಾಮಾನ್ಯವಾಗಿ ಸಿಗುವ ಉದ್ದವದು. ಮೊದಲ ಐದಾರು ಸುತ್ತು ಬರಿಗೈಯಲ್ಲಿ ತಿರುಗಬೇಕು. ಶುರುವಿನಲ್ಲೇ ಬಿಗಿ ಬಂದರೆ ಓರೆಯಾಗಿ ಕೂತಿದೆ ಎಂದರ್ಥ, ಬಿಚ್ಚಿ ಪುನಃ ಹಾಕಿ. ಬ್ಯಾಟರಿ ಡ್ರಿಲ್ಲಿನಲ್ಲಿ ಮಾತ್ರ ತಿರುಗಿಸಬೇಡಿ ಮಾರಾಯ್ರೆ.

ಈಗ ಪೋರ್ಟಿನ ಆ ದೊಡ್ಡ ಮಾತು. ಅವು ಯಾವ ಕಡೆಗೆ ಮುಖ ಮಾಡಿವೆ ನೋಡಿ. ನಿಮ್ಮ ಟಿವಿಯಲ್ಲಿ ಯುಎಸ್‌ಬಿ ಬದಿಗಿವೆ, ಅವುಗಳ ಚಿಂತೆ ಇಲ್ಲ. ಎರಡೂ ಎಚ್‌ಡಿಎಂಐ ನೇರ ಹಿಂದಕ್ಕೆ, ಗೋಡೆಯ ಕಡೆಗೆ ನೋಡುತ್ತವೆ. ವಯರ್ ಹಾಕಿ, ಮರದ ಸ್ಕೇಲನ್ನು ಸ್ಕ್ರೂ ತೂತುಗಳ ಮೇಲೆ ಅಡ್ಡ ಇಟ್ಟು ನೋಡಿದಾಗ ಪ್ಲಗ್ಗಿನ ಬಾಲ ಸ್ಕೇಲಿಗಿಂತ 30 ಮಿ.ಮೀ. ಹೊರಗೆ ಬಂದಿತ್ತು. ದಪ್ಪ ಎಚ್‌ಡಿಎಂಐ ವಯರ್ ಮುರಿಯದೆ ಬಗ್ಗಲು ಇನ್ನೂ 25 ಬೇಕು. ಒಟ್ಟು 55 ಮಿ.ಮೀ. ಗೋಡೆಗೆ ಅಂಟಿದಂತೆ ಕೂರುವ ಫಿಕ್ಸೆಡ್ ಬ್ರಾಕೆಟ್ ಕೊಡುವುದು 25ರಿಂದ 30, ಸ್ಪೇಸರಿನ 5 ಸೇರಿಸಿದರೂ 35. ಆಗ ಏನಾಗುತ್ತದೆ ಎಂದರೆ, ಟಿವಿ ಹೇಗೋ ಒತ್ತಿ ಕೂರುತ್ತದೆ, ಚಿತ್ರವೂ ಬರುತ್ತದೆ. ಒಳಗೆ ಬೋರ್ಡಿಗೆ ಬೆಸುಗೆ ಹಾಕಿದ ಪೋರ್ಟಿನ ಕಾಲುಗಳ ಮೇಲೆ ದಿನವಿಡೀ ಒತ್ತಡ ಇರುತ್ತದೆ, ಕೆಲವು ತಿಂಗಳ ಬಳಿಕ ಚಿತ್ರ ಬಂದು ಹೋಗಲು ಶುರುವಾಗುತ್ತದೆ. ಜನ ಸೆಟ್‌ಟಾಪ್ ಬಾಕ್ಸನ್ನು ಬೈಯುತ್ತಾರೆ. ಟಿವಿಯನ್ನು ಸ್ವಲ್ಪ ಎದುರಿಗೆ ಎಳೆದು ಹಿಡಿದಾಗ ಚಿತ್ರ ಸರಿಯಾದರೆ ದೋಷ ಇಲ್ಲೇ ಎಂದು ತಿಳಿಯಿರಿ.

ಎಲ್ ಆಕಾರದ ಎಚ್‌ಡಿಎಂಐ ತುಂಡು ಹಾಕಿ ಫಿಕ್ಸೆಡ್‌ನಲ್ಲೇ ಮುಗಿಸುವವರಿದ್ದಾರೆ. ಅದು ಎರಡು ಬಗೆಯದು ಬರುತ್ತದೆ, ಒಂದು ವಯರನ್ನು ಕೆಳಗೆ ತಿರುಗಿಸಿದರೆ ಇನ್ನೊಂದು ಮೇಲಕ್ಕೆ ತಿರುಗಿಸುತ್ತದೆ. ಎಚ್‌ಡಿಎಂಐ ತೂತಿನ ಅಗಲದ ಬದಿ ಯಾವ ಕಡೆಗಿದೆ ಎಂದು ನೋಡದೆ ತಂದರೆ ಎರಡನೇ ಸಲ ಪೇಟೆಗೆ ಹೋಗಬೇಕಾಗುತ್ತದೆ. ಆದರೆ ನಮ್ಮ ಊರಿನಲ್ಲಿ ಫಿಕ್ಸೆಡ್ ಬೇಡ ಎನ್ನಲು ನನಗೆ ಇನ್ನೊಂದು ಕಾರಣ ಇದೆ, ಸಿಡಿಲು. ಮಳೆಗಾಲದ ಮೊದಲೂ ನಂತರವೂ ಸಂಜೆ ಹೊತ್ತು ಗುಡುಗು ಶುರುವಾದಾಗ ನಾವು ಪ್ಲಗ್ ಮಾತ್ರ ಎಳೆದರೆ ಸಾಲದು. ಮಾಡಿನ ಮೇಲಿನ ಡಿಶ್ಶಿನಿಂದ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ಟಿವಿಗೆ ಬರುವ ದಾರಿಯನ್ನೂ ಕಡಿಯಬೇಕು. ಮಳೆಗಾಲದಲ್ಲಿ ನನ್ನ ಮೇಜಿಗೆ ಬರುವ ಟಿವಿಗಳಲ್ಲಿ ಪವರ್ ಬೋರ್ಡ್ ಸರಿಯಿದ್ದು ಎಚ್‌ಡಿಎಂಐ ಭಾಗ ಮಾತ್ರ ಸುಟ್ಟವು ಬೇಕಾದಷ್ಟು. ಟಿವಿ ಗೋಡೆಗೆ ಅಂಟಿ ಕೂತರೆ ಕೈ ಹಾಕಿ ವಯರ್ ಎಳೆಯುವುದು ಹೇಗೆ? ಅದೇ ಕಾರಣಕ್ಕೆ ಪ್ಲಗ್ ಪಾಯಿಂಟನ್ನೂ ಟಿವಿಯ ಹಿಂದೆ ಅಡಗಿಸದೆ ಬದಿಗೆ ಇಡಿ.

ಹಾಗಾದರೆ ನಿಮಗೆ ಬೇಕಾದದ್ದು ಟಿಲ್ಟ್ ಬ್ರಾಕೆಟ್, ಗೋಡೆಯಿಂದ 60 ಮಿ.ಮೀ. ದೂರ ನಿಲ್ಲುವಂಥದ್ದು. ಸ್ಪೇಸರಿನ 5 ಸೇರಿ 65 ಆಯಿತು, ಬೇಕಾದದ್ದು 55. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಟಿವಿಯನ್ನು ಕೆಳಗೆ ಬಾಗಿಸಿದಾಗ ಮೇಲಿನ ಅಂಚು ಎದುರಿಗೆ ಬಂದರೆ ಕೆಳಗಿನ ಅಂಚು ಗೋಡೆ ಕಡೆಗೆ ಹೋಗುತ್ತದೆ. ನಿಮ್ಮ ಎಚ್‌ಡಿಎಂಐಗಳು ಬಾಗುವ ಕೀಲಿಗಿಂತ 15 ಸೆಂ.ಮೀ. ಕೆಳಗಿವೆ. 10 ಡಿಗ್ರಿ ಬಾಗಿಸಿದರೆ ಅಲ್ಲಿ 26 ಮಿ.ಮೀ. ಕಡಿಮೆಯಾಗಿ 39 ಮಾತ್ರ ಉಳಿಯುತ್ತದೆ, ಪ್ಲಗ್ ಪುನಃ ಗೋಡೆಗೆ ಒತ್ತುತ್ತದೆ. ಸುಮಾರು 3 ಡಿಗ್ರಿಯವರೆಗೆ ಮಾತ್ರ ಬಾಗಿಸುವುದು ಒಂದು ದಾರಿ. ಇನ್ನೊಂದು ದಾರಿ ಗೋಡೆಯ ಕೆಲಸದಲ್ಲೇ ಸಿಗುತ್ತದೆ.

ಎಳೆದು ತಿರುಗಿಸುವ ಕೈಯ ಬ್ರಾಕೆಟ್ ನಿಮ್ಮ ಗೋಡೆಗೆ ಬೇಡ, ಮಗಳಿಗೆ ಈ ಲೆಕ್ಕ ತೋರಿಸಿ. ಟಿವಿಯನ್ನು ಎತ್ತಿಕೊಂಡು ತೂಕದ ಯಂತ್ರ ಹತ್ತಿ, ನಂತರ ಬರಿಗೈಯಲ್ಲಿ ಹತ್ತಿ ಕಳೆದಾಗ ಸ್ಟ್ಯಾಂಡ್ ಬಿಟ್ಟು 14 ಕೆಜಿ ಬಂದಿದೆ. ಬ್ರಾಕೆಟ್ ಪೆಟ್ಟಿಗೆಯಲ್ಲಿ 35 ಕೆಜಿ ಎಂದಿದೆಯಲ್ಲ ಎನ್ನಬಹುದು, ಅದು ಕಬ್ಬಿಣ ತಾಳುವ ತೂಕ, ಗೋಡೆ ತಾಳುವುದಲ್ಲ. ಮೇಲಿನ ಮತ್ತು ಕೆಳಗಿನ ಸ್ಕ್ರೂ ಸಾಲಿನ ನಡುವೆ 20 ಸೆಂ.ಮೀ. ಇದೆ ಎಂದಿಟ್ಟುಕೊಳ್ಳಿ. ಟಿಲ್ಟ್ ಬ್ರಾಕೆಟಿನಲ್ಲಿ ಟಿವಿಯ ಭಾರ ಗೋಡೆಯಿಂದ ಸುಮಾರು 8 ಸೆಂ.ಮೀ. ದೂರ ನಿಲ್ಲುತ್ತದೆ. 14ನ್ನು 8ರಿಂದ ಗುಣಿಸಿ 20ರಿಂದ ಭಾಗಿಸಿದರೆ ಮೇಲಿನ ಸಾಲಿನ ಸ್ಕ್ರೂಗಳನ್ನು ಹೊರಕ್ಕೆ ಎಳೆಯುವ ಬಲ ಐದೂವರೆ ಕೆಜಿಯ ಆಸುಪಾಸು. ಅದೇ ಕೈಯನ್ನು 45 ಸೆಂ.ಮೀ. ಎಳೆದರೆ 31 ಕೆಜಿ ದಾಟುತ್ತದೆ. ಅದೂ ಟಿವಿ ಸುಮ್ಮನೆ ನಿಂತಿರುವಾಗ. ಮಕ್ಕಳು ಹಿಡಿದು ತಿರುಗಿಸುವಾಗಿನ ಎಳೆತ ಬೇರೆ.

ಕಾಂಕ್ರೀಟಿನ ಗೋಡೆಗೆ ಇದು ಹೊರೆಯೇ ಅಲ್ಲ. ಮುರಕಲ್ಲು ಹಾಗಲ್ಲ. ಒಂದು ಕಡೆ ಕಬ್ಬಿಣದ ಗಂಟು, ಅದರ ಪಕ್ಕದಲ್ಲೇ ಮಣ್ಣು ತುಂಬಿದ ಗೂಡು. ಡ್ರಿಲ್ಲಿನ ಮೊನೆ ಒಮ್ಮೆ ತಡೆದು ಒಮ್ಮೆ ಫಕ್ಕನೆ ಒಳಗೆ ಬೀಳುತ್ತದೆ, ಬರುವ ಹುಡಿ ಕೆಂಪು ಮಿಶ್ರಿತ ಹಳದಿ. ಕುಂದಾಪುರ ಕಡೆಯ ಒಂದು ಮನೆಯಲ್ಲಿ ಇಂಥ ಗೋಡೆಗೆ ಯಾರೋ ಕೈಯ ಬ್ರಾಕೆಟನ್ನು ಉಬ್ಬುವ ಆಂಕರ್ ಬೋಲ್ಟಿನಲ್ಲಿ ಕೂರಿಸಿದ್ದರು. ಆ ಬೋಲ್ಟು ಬಿಗಿಸಿದ ಹಾಗೆ ಸುತ್ತಲಿನ ಕಲ್ಲನ್ನು ಒತ್ತಿ ಹಿಡಿಯುವಂಥದ್ದು, ಮೆದು ಕಲ್ಲನ್ನು ಒತ್ತಿದರೆ ಅದು ಒಳಗೊಳಗೇ ಹುಡಿಯಾಗುತ್ತದೆ. ಹಾಕಿದ ದಿನ ಕಬ್ಬಿಣದ ಹಾಗೆ ಬಿಗಿ ಇತ್ತಂತೆ. ಆಟಿ ತಿಂಗಳಲ್ಲಿ ಗೋಡೆ ನೀರು ಕುಡಿದ ಮೇಲೆ ನಾಲ್ಕರಲ್ಲಿ ಮೂರು ಬೋಲ್ಟು ಮುಷ್ಟಿಯಷ್ಟು ಕಲ್ಲಿನ ಸಮೇತ ಹೊರಗೆ ಬಂದಿದ್ದವು. ನಾನು ಹೋದದ್ದು ಟಿವಿ ಬಿದ್ದ ನಂತರ.

ನಿಮ್ಮ ಗೋಡೆಗೆ ನಾನು ಮಾಡಿಸುವುದು ಹೀಗೆ. ಮೊದಲು ಗೋಡೆ ಆರಿಸಿ: ಪಡುಬದಿಯ ಹೊರಗೋಡೆ ಬೇಡ, ಮಳೆ ಹೊಡೆಯುವುದು ಆ ಕಡೆಯಿಂದ. ಎರಡು ಕೋಣೆಗಳ ನಡುವಿನ ಒಳಗೋಡೆ ಇರಲಿ, ಸ್ವಿಚ್ ಬೋರ್ಡಿನ ನೇರ ಮೇಲೆ ಬೇಡ, ವಯರ್ ಅಲ್ಲೇ ಏರಿರುತ್ತದೆ. ನಂತರ 18 ಮಿ.ಮೀ. ಮರೈನ್ ಪ್ಲೈವುಡ್ಡಿನ ಒಂದು ಹಲಗೆ, 60 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರ. ಐಎಸ್ 710 ಎಂಬ ಮುದ್ರೆ ನೋಡಿ ತನ್ನಿ, ಹಿಂಬದಿಗೂ ಅಂಚಿಗೂ ಎರಡು ಕೈ ಪೈಂಟ್ ಹೊಡೆಯಿರಿ. ಬ್ರಾಕೆಟ್ ಕೂರುವ ಜಾಗದಲ್ಲಿ ಹಲಗೆಯ ಹಿಂದಿನಿಂದ ಎಂ8 ಬೋಲ್ಟು ತೂರಿಸಿ, ತಲೆ ಮರದೊಳಗೆ ಮುಳುಗುವಂತೆ ಆಚಾರಿಯಿಂದ ಕೊರೆಸಿ. ಹಲಗೆ ಗೋಡೆಗೆ ಹೋದ ಮೇಲೆ ಬ್ರಾಕೆಟನ್ನು ಎದುರಿನಿಂದ ನಟ್ಟು ಹಾಕಿ ಬಿಗಿಸಿದರಾಯಿತು.

ಹಲಗೆಯನ್ನು ಗೋಡೆಗೆ ಹಿಡಿಸಲು ಎಂಟು ಸ್ಕ್ರೂ, ಒಂದೊಂದು ಕಲ್ಲಿಗೆ ಒಂದೆರಡು ಬರುವ ಹಾಗೆ ಹಂಚಿ. ಒಂದು ಕಲ್ಲು ಕೈಕೊಟ್ಟರೂ ಉಳಿದವು ಹಿಡಿದಿರುತ್ತವೆ, ಹಲಗೆಯ ಉಪಕಾರ ಅದೇ. ಕಲ್ಲು ಮತ್ತು ಕಲ್ಲಿನ ನಡುವಿನ ಸಂದಿಗೆ ತೂತು ಬೀಳಬಾರದು. ಹಳೆ ಮನೆಯ ಗಾರೆ 15ರಿಂದ 20 ಮಿ.ಮೀ. ಇರುತ್ತದೆ, ಅದು ಏನನ್ನೂ ಹಿಡಿಯುವುದಿಲ್ಲ, ಲೆಕ್ಕಕ್ಕೆ ಸೇರಿಸಬೇಡಿ. ಹಲಗೆ 18, ಗಾರೆ 20, ಅದರಾಚೆ ಕಲ್ಲಿನೊಳಗೆ 60 ಹೋಗಬೇಕು. ಹಾಗಾಗಿ 10 ಮಿ.ಮೀ. ದಪ್ಪ, 100 ಮಿ.ಮೀ. ಉದ್ದದ ನೈಲಾನ್ ಪ್ಲಗ್, ಅದಕ್ಕೆ ಸರಿಯಾದ ಸ್ಟೀಲ್ ಸ್ಕ್ರೂ. ಸಮುದ್ರ ಹತ್ತಿರ ಇರುವಲ್ಲಿ ಸಾದಾ ಕಬ್ಬಿಣದ್ದು ಬೇಡ. ಡ್ರಿಲ್ಲಿನ ಬಡಿಯುವ ಗುಂಡಿಯನ್ನು ಆಫ್ ಮಾಡಿ, ಬರೇ ತಿರುಗುವ ಓಟದಲ್ಲಿ ಮೊದಲು 6 ಮಿ.ಮೀ. ಮೊನೆ, ನಂತರ 10. ಬಡಿಯುತ್ತಾ ಕೊರೆದರೆ ಮುರಕಲ್ಲಿನಲ್ಲಿ 10ರ ತೂತು 13 ಆಗುತ್ತದೆ, ಪ್ಲಗ್ ಬೆರಳಲ್ಲೇ ಒಳಗೆ ಹೋಗುತ್ತದೆ. ಪ್ಲಗ್ ಸುತ್ತಿಗೆಯ ಸಣ್ಣ ಪೆಟ್ಟಿಗೆ ಮಾತ್ರ ಹೋಗುವಂತಿರಬೇಕು. ಮೊನೆ ಗೂಡಿಗೆ ಬಿದ್ದರೆ ಆ ತೂತು ಬಿಟ್ಟು ನಾಲ್ಕು ಬೆರಳು ಆಚೆ ಕೊರೆಯಿರಿ. ಜಾಗವೇ ಇಲ್ಲದಿದ್ದರೆ ಜಾಲರಿಯ ಕೊಳವೆ ಇಟ್ಟು ಕೆಮಿಕಲ್ ಆಂಕರ್ ತುಂಬಿಸಬೇಕು, ಖರ್ಚು ಹೆಚ್ಚು, ಆದರೆ ಟೊಳ್ಳಿನಲ್ಲಿ ಹಿಡಿಯುವುದು ಅದೊಂದೇ.

ಈಗ ಬಾಗಿಸುವ ಆ ಸೂಕ್ಷ್ಮಕ್ಕೆ ವಾಪಸು ಬರೋಣ. ಹಲಗೆಯನ್ನು ಬ್ರಾಕೆಟಿನ ನಡುಗೆರೆಗೆ ಸರಿಯಾಗಿ ಮಧ್ಯಕ್ಕೆ ಇಡಬೇಡಿ, ಮೇಲಕ್ಕೆ 20 ಸೆಂ.ಮೀ., ಕೆಳಕ್ಕೆ 10 ಸೆಂ.ಮೀ. ಬರುವಂತೆ ಇಡಿ. ಬ್ರಾಕೆಟಿನ ಗೋಡೆ ತಟ್ಟೆ 16 ಸೆಂ.ಮೀ. ಎತ್ತರ ಎಂದಿದ್ದೀರಿ, ನಡುಗೆರೆಯಿಂದ ಕೆಳಗೆ 8, ಹಲಗೆಯ ಒಳಗೇ ನಿಲ್ಲುತ್ತದೆ. ಎಚ್‌ಡಿಎಂಐ ಇರುವುದು 15 ಸೆಂ.ಮೀ. ಕೆಳಗೆ, ಅಲ್ಲಿಗೆ ಹಲಗೆಯೇ ಇಲ್ಲ. ಹಾಗಾಗಿ ಪ್ಲಗ್ಗಿನ ಹಿಂದೆ ಹಲಗೆಯ ದಪ್ಪ 18 ಮಿ.ಮೀ. ಹೆಚ್ಚುವರಿ ಜಾಗ ಸಿಕ್ಕಿತು. 10 ಡಿಗ್ರಿ ಬಾಗಿಸಿದಾಗ ಉಳಿದಿದ್ದ 39ಕ್ಕೆ 18 ಸೇರಿ 57, ನಮಗೆ ಬೇಕಾದದ್ದು 55. ಇನ್ನು 10 ಡಿಗ್ರಿ ಪೂರ್ತಿ ಬಾಗಿಸಿದರೂ ತಾಗುವುದಿಲ್ಲ.

ತೂಗಿಸುವ ಮೊದಲು ಬ್ರಾಕೆಟಿನ ಎರಡು ಕಂಬಿಗಳು ಪವರ್ ವಯರಿನ ಪಿನ್ನಿನ ಮೇಲೆಯೋ ಆಂಟೆನಾ ತೂತಿನ ಮೇಲೆಯೋ ಹಾದುಹೋಗುವುದಿಲ್ಲ ಎಂದು ಒಮ್ಮೆ ನೋಡಿ. ಗಲ್ಫಿನ ಮೂರು ಚಪ್ಪಟೆ ಕಾಲಿನ ಪ್ಲಗ್ ನಮ್ಮ ಪಾಯಿಂಟಿಗೆ ಹೋಗದು, ವೋಲ್ಟೇಜಿನ ತೊಂದರೆ ಇಲ್ಲ. ಟಿವಿ ಕಡೆಯ ತುದಿ ಎಂಟರ ಆಕಾರದ ಎರಡು ಪಿನ್ನಿನದಾದರೆ ನಮ್ಮಲ್ಲಿ ಸಿಗುವ ಅದೇ ವಯರ್ ಬದಲಿಸಿಬಿಡಿ, ಅಡಾಪ್ಟರ್ ಸಡಿಲವಾಗಿ ಕಿಡಿ ಹಾರುವ ಉಪದ್ರ ಇರುವುದಿಲ್ಲ. ಎತ್ತಿ ತೂಗಿಸಲು ಇಬ್ಬರು ಬೇಕು, ಒಬ್ಬರಿಗೆ ಕೆಳಗಿನಿಂದ ಕೊಕ್ಕೆ ನೋಡುವಷ್ಟು ಪುರುಸೊತ್ತು ಇರಬೇಕು. ವಯರುಗಳನ್ನು ತೂಗಿಸುವ ಮೊದಲೇ ಸಿಕ್ಕಿಸಿಡಿ.

ಎಲ್ಲ ಆದ ಮೇಲೆ ಹಲಗೆಯ ಮೇಲಿನ ಅಂಚಿಗೆ ತಾಗಿಸಿ ಗೋಡೆಯಲ್ಲಿ ಸಣ್ಣ ಪೆನ್ಸಿಲ್ ಗೆರೆ ಎಳೆದಿಡಿ, ಟಿವಿಯ ಮೇಲಿನಿಂದ ಬಗ್ಗಿ ನೋಡಿದರೆ ಕಾಣುವಂತೆ. ಆಟಿಯ ಮಳೆಯಲ್ಲಿ ಒಮ್ಮೆ, ಸೋಣದಲ್ಲಿ ಒಮ್ಮೆ ನೋಡಿ. ಗೆರೆಗೂ ಹಲಗೆಗೂ ನಡುವೆ ಸಂದಿ ಬಿದ್ದಿದ್ದರೆ, ಅಥವಾ ಹಲಗೆಯ ಹಿಂದೆ ಒಂದು ಪೋಸ್ಟ್‌ಕಾರ್ಡ್ ತೂರುವಷ್ಟು ಜಾಗ ಬಂದಿದ್ದರೆ, ಟಿವಿಯನ್ನು ಅವತ್ತೇ ಇಳಿಸಿ ನೆಲಕ್ಕಿಟ್ಟು ಫೋನ್ ಮಾಡಿ.